ಇಲ್ಲದ ತೀರ್ಪಿಗೆ ಪುಟಸಂಖ್ಯೆ ಎಲ್ಲಿಂದ ಬಂತು?

ಎಐ ಸುಳ್ಳು ಹೇಳುತ್ತದೆ ಅಂತ ಎಲ್ಲರಿಗೂ ಈಗ ಗೊತ್ತು. ಆದರೆ ಅದು ಯಾವ ಜಾಗದಲ್ಲಿ ಸುಳ್ಳು ಹೇಳುತ್ತದೆ, ಯಾವ ಜಾಗದಲ್ಲಿ ಹೇಳುವುದಿಲ್ಲ ಅನ್ನುವುದನ್ನು ಹತ್ತಿರದಿಂದ ನೋಡಲು ಮಾಟಾ ವರ್ಸಸ್ ಏವಿಯಾಂಕಾ ಮೊಕದ್ದಮೆಯಷ್ಟು ಒಳ್ಳೆಯ ಪ್ರಕರಣ ಇನ್ನೊಂದಿಲ್ಲ. ಸುದ್ದಿಯಲ್ಲಿ ಇದನ್ನು "ವಕೀಲರು ಚಾಟ್‌ಜಿಪಿಟಿ ನಂಬಿ ಕೆಟ್ಟರು" ಎಂದು ಮುಗಿಸಿಬಿಟ್ಟರು. ನನಗೆ ಆಸಕ್ತಿ ಇರುವುದು ವಕೀಲರಲ್ಲಿ ಅಲ್ಲ, ಆ ಸುಳ್ಳು ತೀರ್ಪುಗಳಲ್ಲಿ. ಏಕೆಂದರೆ ಅವೆಲ್ಲ ನ್ಯಾಯಾಲಯದ ದಾಖಲೆಯಲ್ಲಿ ಉಳಿದಿವೆ. ಒಂದೊಂದು ಸಂಖ್ಯೆಯೂ ಎಲ್ಲಿ ತಪ್ಪಿತು ಎಂದು ಬಿಡಿಸಿ ನೋಡಬಹುದು.

ಮೊದಲು ಮೊಕದ್ದಮೆ. 2019ರ ಆಗಸ್ಟ್‌ನಲ್ಲಿ ಎಲ್ ಸಾಲ್ವಡಾರ್‌ನಿಂದ ನ್ಯೂಯಾರ್ಕ್‌ಗೆ ಬರುತ್ತಿದ್ದ ಏವಿಯಾಂಕಾ ಸಂಸ್ಥೆಯ ವಿಮಾನದಲ್ಲಿ ಊಟ ಹಂಚುವ ಲೋಹದ ಗಾಡಿ ತಾಗಿ ತನಗೆ ಗಾಯವಾಯಿತು ಎಂದು ಮಾಟಾ ಎಂಬ ಪ್ರಯಾಣಿಕ ಪರಿಹಾರ ಕೇಳಿದ. ವಿಮಾನ ಸಂಸ್ಥೆ ಕೊಟ್ಟ ಉತ್ತರ ಸರಳ: ಅಂತರರಾಷ್ಟ್ರೀಯ ವಿಮಾನಯಾನದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಎರಡು ವರ್ಷದೊಳಗೆ ದಾವೆ ಹೂಡಬೇಕು, ನೀವು ತಡ ಮಾಡಿದ್ದೀರಿ. ಪ್ರಯಾಣಿಕನ ವಕೀಲರಿಗೆ ಉಳಿದದ್ದು ಒಂದೇ ದಾರಿ. 2020ರಲ್ಲಿ ಸಂಸ್ಥೆ ದಿವಾಳಿ ರಕ್ಷಣೆ ಕೋರಿತ್ತು. ಆ ಅವಧಿಯಲ್ಲಿ ಗಡಿಯಾರ ನಿಂತಿತ್ತು, ಆದ್ದರಿಂದ ಆ ದಿನಗಳನ್ನು ಎಣಿಸಬಾರದು ಎಂದು ವಾದಿಸುವುದು. ಅದಕ್ಕೆ ಹಳೆಯ ತೀರ್ಪುಗಳ ಬೆಂಬಲ ಬೇಕು. ಅದನ್ನು ಹುಡುಕಲು ಅವರು ಚಾಟ್‌ಜಿಪಿಟಿ ತೆರೆದರು.

2023ರ ಮಾರ್ಚ್ 1ರಂದು ಅವರ ವಾದಪತ್ರ ಕೋರ್ಟಿಗೆ ಸಲ್ಲಿಕೆಯಾಯಿತು. ಎರಡು ವಾರ ಕಳೆದ ಮೇಲೆ ಎದುರು ಪಕ್ಷದವರು ಬರೆದರು: ನೀವು ಉಲ್ಲೇಖಿಸಿದ ಹಲವು ತೀರ್ಪುಗಳು ನಮಗೆ ಎಲ್ಲೂ ಸಿಗುತ್ತಿಲ್ಲ. ಏಪ್ರಿಲ್‌ನಲ್ಲಿ ಕೋರ್ಟ್ ಆ ತೀರ್ಪುಗಳ ಪ್ರತಿ ತಂದುಕೊಡಿ ಎಂದಿತು. ವಕೀಲರು ತಂದುಕೊಟ್ಟರು ಕೂಡ! ಅವೂ ಚಾಟ್‌ಜಿಪಿಟಿ ಬರೆದುಕೊಟ್ಟ ಪಠ್ಯಗಳೇ. ನ್ಯಾಯಾಧೀಶ ಪಿ. ಕೆವಿನ್ ಕ್ಯಾಸ್ಟಲ್ ಅವರು ಅವುಗಳಲ್ಲಿ ಆರು ತೀರ್ಪುಗಳು ಕಲ್ಪಿತ, ಒಳಗಿನ ಉಲ್ಲೇಖಗಳೂ ಕಲ್ಪಿತ ಎಂದು ಗುರುತಿಸಿದರು. ಜೂನ್ 22ರ ಆದೇಶದಲ್ಲಿ 5000 ಡಾಲರ್ ದಂಡ ಹಾಕಿದರು.

ಇನ್ನು ಸುಳ್ಳಿನ ಒಳಗೆ ಹೋಗೋಣ. ಆರರಲ್ಲಿ ಅತಿ ಪ್ರಸಿದ್ಧವಾದದ್ದು "ವರ್ಗೀಸ್ ವರ್ಸಸ್ ಚೈನಾ ಸದರ್ನ್ ಏರ್‌ಲೈನ್ಸ್". ಅದಕ್ಕೆ ಕೊಟ್ಟಿದ್ದ ವಿಳಾಸ ಹೀಗಿತ್ತು:

```
925 F.3d 1339 (11th Cir. 2019)
```

ಅಮೆರಿಕದ ಫೆಡರಲ್ ಮೇಲ್ಮನವಿ ತೀರ್ಪುಗಳು ಸಂಪುಟಗಳಲ್ಲಿ ಅಚ್ಚಾಗುತ್ತವೆ. ಮೊದಲ ಸಂಖ್ಯೆ ಸಂಪುಟದ್ದು, ನಡುವಿನ ಅಕ್ಷರಗಳು ಸರಣಿಯ ಹೆಸರು, ಕೊನೆಯ ಸಂಖ್ಯೆ ಪುಟ. ಆವರಣದೊಳಗೆ ಯಾವ ಕೋರ್ಟು, ಯಾವ ವರ್ಷ ಎಂದಿರುತ್ತದೆ. ಇಲ್ಲಿ ಅದು ಹನ್ನೊಂದನೇ ಸರ್ಕ್ಯೂಟ್, ಅಂದರೆ ಒಂದು ವಲಯದ ಫೆಡರಲ್ ಮೇಲ್ಮನವಿ ಕೋರ್ಟು. ಈಗ ಗಮನಿಸಿ. ಆ ಸರಣಿಯಲ್ಲಿ 925ನೇ ಸಂಪುಟ ನಿಜಕ್ಕೂ ಇದೆ. ಅದರಲ್ಲಿ ನಿಜಕ್ಕೂ 2019ರ ತೀರ್ಪುಗಳಿವೆ. 1339ನೇ ಪುಟವೂ ಇದೆ. ಆದರೆ ಆ ಪುಟ ತೆರೆದರೆ ಸಿಗುವುದು ಬೇರೆ ಕೋರ್ಟಿನ, ವಿಮಾನಕ್ಕೆ ಸಂಬಂಧವೇ ಇಲ್ಲದ ಒಂದು ತೀರ್ಪಿನ ನಡುಭಾಗ. ಆ ತೀರ್ಪು ಶುರುವಾಗುವುದು 1291ನೇ ಪುಟದಲ್ಲಿ.

ತೀರ್ಪು ನೀಡಿದವರು ಎಂದು ಮೂವರು ನ್ಯಾಯಾಧೀಶರ ಹೆಸರಿತ್ತು. ಮೂವರೂ ನಿಜವಾದ ವ್ಯಕ್ತಿಗಳು. ಆದರೆ ಅವರಲ್ಲಿ ಒಬ್ಬರು ಹನ್ನೊಂದನೇ ಸರ್ಕ್ಯೂಟ್‌ನವರಲ್ಲ, ಐದನೆಯದರವರು. ಕಥೆಯೂ ಹೀಗೇ. ಮೊದಲು ಸೂಸನ್ ವರ್ಗೀಸ್ ಎಂಬಾಕೆ ಸತ್ತವರೊಬ್ಬರ ಪರವಾಗಿ ದಾವೆ ಹೂಡಿದ್ದಾಳೆ. ಸ್ವಲ್ಪ ಮುಂದೆ ಹೋದರೆ ದಾವೆ ಹೂಡಿದಾತ ಅನೀಶ್ ವರ್ಗೀಸ್. ಟಿಕೆಟ್ ಜಾಸ್ತಿ ಮಾರಿದ್ದರಿಂದ ಬ್ಯಾಂಕಾಕ್‌ನಲ್ಲಿ ಅವನನ್ನು ವಿಮಾನ ಹತ್ತಿಸಿಲ್ಲ. ಸತ್ತವರ ಸುದ್ದಿಯೇ ಇಲ್ಲ.

ಇಲ್ಲಿ ಒಂದು ಕ್ರಮ ಕಾಣುತ್ತದೆ ಅಲ್ವಾ? ಸಾಮಾನ್ಯವಾಗಿ ಹೇಗಿರುತ್ತದೆ ಅನ್ನುವುದೆಲ್ಲ ಸರಿ. ಸಂಪುಟಕ್ಕೂ ವರ್ಷಕ್ಕೂ ತಾಳೆಯಾಗುತ್ತದೆ. ಹೆಸರಿನ ಧಾಟಿ ಸರಿ, ತೀರ್ಪಿನ ಭಾಷೆ ಸರಿ. ತಪ್ಪಿರುವುದು ಬಿಡಿ ವಿವರ ಮಾತ್ರ: ಈ ಹೆಸರಿಗೆ ಈ ಪುಟ, ಈ ಕೋರ್ಟಿಗೆ ಈ ನ್ಯಾಯಾಧೀಶ, ಈ ಕಥೆಗೆ ಈ ವ್ಯಕ್ತಿ.

ಇದು ಹೀಗೇ ಆಗಬೇಕಿತ್ತು. ಚಾಟ್‌ಜಿಪಿಟಿಯ ಹಿಂದಿರುವಂಥ ಭಾಷಾ ಮಾಡೆಲ್ ಮಾಡುವ ಕೆಲಸ ಇಷ್ಟೇ: ಇಲ್ಲಿಯವರೆಗೆ ಬಂದಿರುವ ಪಠ್ಯ ನೋಡಿ ಮುಂದಿನ ತುಣುಕು ಯಾವುದಿರಬಹುದು ಎಂದು ಪ್ರತಿಯೊಂದಕ್ಕೂ ಒಂದು ಸಂಭವನೀಯತೆ ಕೊಡುವುದು, ಅದರಲ್ಲಿ ಒಂದನ್ನು ಆರಿಸುವುದು, ಮತ್ತೆ ಅದನ್ನೇ ಮಾಡುವುದು. ಆ ತುಣುಕಿಗೆ ಟೋಕನ್ ಅನ್ನುತ್ತಾರೆ. ಸಾವಿರಾರು ತೀರ್ಪುಗಳನ್ನು ಓದಿದ ಮಾಡೆಲ್‌ಗೆ 2019ರ ಸುತ್ತಮುತ್ತ ಸಂಪುಟದ ಸಂಖ್ಯೆ ಒಂಬೈನೂರರ ಆಚೆ ಇರುತ್ತದೆ ಎಂಬುದು ಚೆನ್ನಾಗಿ ಪಳಗಿದೆ. ಅದು ಮತ್ತೆ ಮತ್ತೆ ಕಂಡ ಮಾದರಿ. ಆದರೆ ಒಂದು ನಿರ್ದಿಷ್ಟ ತೀರ್ಪಿನ ಪುಟಸಂಖ್ಯೆಗೆ ಯಾವ ಮಾದರಿಯೂ ಇಲ್ಲ. ಅದನ್ನು ಯಾವುದರಿಂದಲೂ ಊಹಿಸಲಾಗದು. ಓದಿ ನೆನಪಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನೆನಪಿಲ್ಲದಾಗಲೂ ಆ ಜಾಗದಲ್ಲಿ ಏನೋ ಒಂದು ಅಂಕಿ ಬರಲೇಬೇಕು, ಏಕೆಂದರೆ "F.3d" ಆದಮೇಲೆ ಅಂಕಿ ಬರುವುದೇ ರೂಢಿ. ಬರುತ್ತದೆ.

ದೃಢವಾದ ದನಿಯೂ ಅದೇ ರೂಢಿಯಿಂದ ಬಂದದ್ದು. ತೀರ್ಪುಗಳು, ಪಠ್ಯಪುಸ್ತಕಗಳು, ವಿಶ್ವಕೋಶಗಳು "ಬಹುಶಃ 1339ನೇ ಪುಟ ಇರಬೇಕು" ಎಂದು ಬರೆಯುವುದಿಲ್ಲ. ಒಳಗೆ ಆ ಅಂಕಿಗೆ ಸಿಕ್ಕ ಸಂಭವನೀಯತೆ ತೀರಾ ಕಡಿಮೆ ಇದ್ದಿರಬಹುದು, ನೂರಾರು ಅಂಕಿಗಳ ನಡುವೆ ಹಂಚಿಹೋಗಿರಬಹುದು. ತೆರೆಯ ಮೇಲೆ ಬರುವಾಗ ಅದೆಲ್ಲ ಅಳಿಸಿಹೋಗುತ್ತದೆ. ನಮಗೆ ಕಾಣುವುದು ಆರಿಸಿದ ಒಂದೇ ಅಂಕಿ.

ಇನ್ನೊಂದು ವಿವರ ನನಗೆ ವರ್ಗೀಸ್‌ಗಿಂತ ಹೆಚ್ಚು ಕಲಿಸಿತು. ಸುಳ್ಳು ವರ್ಗೀಸ್ ತೀರ್ಪು ತನ್ನೊಳಗೆ "ಝಿಕರ್‌ಮನ್ ವರ್ಸಸ್ ಕೊರಿಯನ್ ಏರ್‌ಲೈನ್ಸ್" ಎಂಬ ಇನ್ನೊಂದು ತೀರ್ಪನ್ನು ಉಲ್ಲೇಖಿಸಿತ್ತು. ವಿಳಾಸ `516 F.3d 1237`, ಹನ್ನೊಂದನೇ ಸರ್ಕ್ಯೂಟ್, 2008. ವಕೀಲರಿಗೆ ಇದು ಮಾತ್ರ ಸಿಗಲಿಲ್ಲ ಎಂದು ಕೋರ್ಟಿಗೆ ಹೇಳಿದರು. ವಿಚಿತ್ರ ಏನೆಂದರೆ ಝಿಕರ್‌ಮನ್ ಎಂಬ ಪ್ರಸಿದ್ಧ ವಿಮಾನ ಮೊಕದ್ದಮೆ ನಿಜವಾಗಿಯೂ ಇದೆ. 1983ರಲ್ಲಿ ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿದ ಕೊರಿಯನ್ ವಿಮಾನದ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪು ಅದು. ಅದರ ನಿಜವಾದ ವಿಳಾಸ `516 U.S. 217`.

ಎರಡರಲ್ಲೂ 516 ಇದೆ ನೋಡಿ. ಮಾಡೆಲ್ ಒಳಗೆ ಏನು ನಡೆಯಿತು ಎಂದು ಯಾರೂ ತೆರೆದು ನೋಡಿಲ್ಲ, ಹಾಗಾಗಿ ಇದು ಕಾಕತಾಳೀಯವೇ ಇರಬಹುದು. ಆದರೆ ಎಐ ಹೀಗೆ ಇಲ್ಲದ್ದನ್ನು ಕಟ್ಟಿ ಹೇಳುವುದಕ್ಕೆ ಹ್ಯಾಲುಸಿನೇಶನ್ ಅನ್ನುತ್ತಾರೆ, ಅದರಲ್ಲಿ ಇಂಥ ಬೆರಕೆ ಬಹಳ ಸಾಮಾನ್ಯ: ಹೆಸರು ನಿಜ, ಒಂದು ಸಂಖ್ಯೆ ನಿಜ, ಉಳಿದದ್ದು ತೇಪೆ. 2025ರಲ್ಲಿ ಆಂಥ್ರೋಪಿಕ್ ಎಂಬ ಎಐ ಕಂಪನಿಯ ಸಂಶೋಧಕರು ತಮ್ಮದೇ ಒಂದು ಮಾಡೆಲ್‌ನ ಒಳಗೆ ಇದಕ್ಕೆ ಹೋಲುವ ಸಂಗತಿ ಕಂಡರು. ಅಲ್ಲಿ "ಗೊತ್ತಿಲ್ಲ" ಅನ್ನುವುದೇ ಮೂಲ ಸ್ಥಿತಿ. ಪರಿಚಿತ ಹೆಸರು ಬಂದರೆ ಒಂದು ಸಂಕೇತ ಎದ್ದು ಆ "ಗೊತ್ತಿಲ್ಲ"ವನ್ನು ಅದುಮುತ್ತದೆ. ಹೆಸರು ಗುರುತು ಸಿಕ್ಕು, ಅದರ ಬಗ್ಗೆ ವಿವರ ಮಾತ್ರ ಇಲ್ಲದಿದ್ದರೆ ಕಷ್ಟ ಶುರು. ಬಾಯಿ ತೆರೆದಾಗಿದೆ, ಹೇಳಲು ಏನೂ ಇಲ್ಲ. ಇದರಿಂದ ಬಳಕೆದಾರರಿಗೆ ತಿಳಿಯಬೇಕಾದದ್ದು: ಪೂರ್ತಿ ಅಪರಿಚಿತ ವಿಷಯಕ್ಕಿಂತ ಅರೆಪರಿಚಿತ ವಿಷಯ ಹೆಚ್ಚು ಅಪಾಯ. ಹೆಸರು ಕೇಳಿದ ಲೇಖಕ, ಅವರ ಅಷ್ಟೇನೂ ಓದದ ಪುಸ್ತಕ. ಪ್ರಸಿದ್ಧ ಔಷಧಿ, ಅದರ ಅಪರೂಪದ ಪ್ರಮಾಣ. ಜನಪ್ರಿಯ ಸಾಫ್ಟ್‌ವೇರ್, ಅದರ ಮೂಲೆಯ ಒಂದು ಸೆಟ್ಟಿಂಗ್.

ಈಗ ಪ್ರಶ್ನೆಗಳ ಕಡೆ ಬನ್ನಿ. ವಕೀಲರು ಕೇಳಿದ ಪ್ರಶ್ನೆಗಳೂ ಆದೇಶದಲ್ಲಿ ದಾಖಲಾಗಿವೆ. ಮೊದಲನೆಯದು, ದಿವಾಳಿಯಿಂದ ಕಾಲಮಿತಿ ನಿಲ್ಲುತ್ತದೆ ಎಂದು ವಾದಿಸು. ಅದಕ್ಕೆ ಬಂದದ್ದು ಸಾಮಾನ್ಯ ವಿವರಣೆ ಮಾತ್ರ. ಆಮೇಲೆ ಅದನ್ನು ಬೆಂಬಲಿಸುವ ತೀರ್ಪು ಕೊಡು ಎಂದರು. ಆಮೇಲೆ ನಿರ್ದಿಷ್ಟ ಫೆಡರಲ್ ತೀರ್ಪುಗಳನ್ನು ತೋರಿಸು, ಇನ್ನಷ್ಟು ತೋರಿಸು ಎಂದರು. ಒಂದು ಪ್ರಶ್ನೆಯಲ್ಲೂ "ಇಂಥ ತೀರ್ಪು ಇದೆಯೇ?" ಎಂದಿಲ್ಲ. ಇದೆ ಎಂದೇ ಹಿಡಿದುಕೊಂಡು ತೋರಿಸು ಎಂದು ಕೇಳಿದ್ದಾರೆ. ಅಂಥ ಮಾತಿನ ಮುಂದೆ ಸಹಜವಾಗಿ ಬರುವ ಪಠ್ಯ ಯಾವುದು? ತೀರ್ಪುಗಳ ಪಟ್ಟಿ. ಪಟ್ಟಿ ಬಂತು.

ಕೊನೆಗೆ ಅನುಮಾನ ಬಂದು ಅದೇ ಚಾಟ್‌ನಲ್ಲಿ ವರ್ಗೀಸ್ ನಿಜವಾದ ತೀರ್ಪೇ ಎಂದು ಕೇಳಿದರು. ಹೌದು ಎಂಬ ಉತ್ತರ ಬಂತು. ಉಳಿದವು ನಕಲಿಯೇ ಎಂದರೆ, ಇಲ್ಲ, ಹೆಸರಾಂತ ಕಾನೂನು ಡೇಟಾಬೇಸ್‌ಗಳಲ್ಲಿ ಸಿಗುತ್ತವೆ ಎಂದಿತು. ಇಡೀ ಪ್ರಕರಣದಲ್ಲಿ ಜನ ಅತಿ ಹೆಚ್ಚು ತಪ್ಪು ತಿಳಿಯುವುದು ಇಲ್ಲೇ. ಇದನ್ನು ಪರಿಶೀಲನೆ ಅಂದುಕೊಳ್ಳುತ್ತಾರೆ. ಆದರೆ ಡೇಟಾಬೇಸ್‌ನಲ್ಲಿ ಯಾರೂ ಹುಡುಕಿಲ್ಲ. "ಡೇಟಾಬೇಸ್‌ನಲ್ಲಿ ಸಿಗುತ್ತದೆ" ಎಂಬ ವಾಕ್ಯ ಕೂಡ ಟೋಕನ್ ಆದಮೇಲೆ ಟೋಕನ್ ಬಂದದ್ದೇ. ಅದೂ ಅಲ್ಲದೆ ಮೇಲೆ ಅದೇ ಚಾಟ್‌ನಲ್ಲಿ ವರ್ಗೀಸ್ ಬಗ್ಗೆ ವಿವರವಾಗಿ ಬರೆದಾಗಿದೆ. ಮಾಡೆಲ್‌ಗೆ ಅದೆಲ್ಲ ಕಣ್ಣ ಮುಂದಿರುವ ಪಠ್ಯ, ಒಂದು ಲೆಕ್ಕದಲ್ಲಿ ಸಾಕ್ಷಿ. ತನ್ನದೇ ಬರಹವನ್ನು ತನಗೇ ಸಾಕ್ಷಿ ಮಾಡಿಕೊಂಡು ಹೌದು ಎನ್ನುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. "ಇದು ತಪ್ಪಲ್ವಾ?" ಎಂದು ಒತ್ತಿ ಕೇಳಿದರೆ ಸರಿಯಾದದ್ದನ್ನೂ ಕ್ಷಮೆ ಕೇಳಿ ಬದಲಿಸಿಬಿಡುತ್ತದೆ. ಬಳಕೆದಾರರು ಮೆಚ್ಚುವಂತೆ ಉತ್ತರಿಸಲು ತರಬೇತಿ ಕೊಟ್ಟಿರುವುದರ ಫಲ ಅದು.

ಹಾಗಾದರೆ "ಗೊತ್ತಿಲ್ಲ" ಎಂದು ಹೇಳಲು ಯಾಕೆ ಕಲಿಸಿಲ್ಲ? 2025ರ ಸೆಪ್ಟೆಂಬರ್‌ನಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯ ಸಂಶೋಧಕರು ಪ್ರಕಟಿಸಿದ ಪ್ರಬಂಧ ಇದಕ್ಕೆ ಕೊಡುವ ಉತ್ತರ ನನಗೆ ಒಪ್ಪಿಗೆಯಾಗುತ್ತದೆ. ತಪ್ಪಿಗೆ ಅಂಕ ಕಳೆಯದ ಪರೀಕ್ಷೆಯಲ್ಲಿ ಜಾಣ ವಿದ್ಯಾರ್ಥಿ ಖಾಲಿ ಬಿಡುವುದಿಲ್ಲ, ಏನೋ ಒಂದು ಗೀಚುತ್ತಾನೆ. ಮಾಡೆಲ್‌ಗಳನ್ನು ಅಳೆಯುವ ಹೆಚ್ಚಿನ ಪರೀಕ್ಷೆಗಳು ಅಂಥವೇ. ಸರಿಗೆ ಒಂದು, ತಪ್ಪಿಗೂ ಸೊನ್ನೆ, ಗೊತ್ತಿಲ್ಲ ಎಂದರೂ ಸೊನ್ನೆ. ಅವರೇ ಕೊಟ್ಟ ಹೋಲಿಕೆ ನೋಡಿ. ಬಿಡಿ ಸಂಗತಿಗಳನ್ನು ಕೇಳುವ ಒಂದು ಪರೀಕ್ಷೆಯಲ್ಲಿ ಹಳೆಯ ಮಾಡೆಲ್ ಒಂದು 24% ಸರಿ ಹೇಳಿತು, 75% ತಪ್ಪು ಹೇಳಿತು, ಗೊತ್ತಿಲ್ಲ ಎಂದದ್ದು ಬರೀ 1%. ಹೊಸದೊಂದು 22% ಸರಿ, 26% ತಪ್ಪು, 52% ಗೊತ್ತಿಲ್ಲ. ಸರಿ ಉತ್ತರ ಮಾತ್ರ ಎಣಿಸಿದರೆ ಹಳೆಯದೇ ಗೆದ್ದಿತು! ನಿಮ್ಮ ಕೆಲಸಕ್ಕೆ ಯಾವುದು ಬೇಕು ಎಂದು ನಾನು ಹೇಳಬೇಕಿಲ್ಲ.

ಇಷ್ಟು ಗೊತ್ತಿದ್ದರೆ ಅದೇ ಕೆಲಸವನ್ನು ಬೇರೆ ರೀತಿ ಮಾಡಬಹುದಿತ್ತು. ಹೇಗೆ ಎಂದು ಅದೇ ಪ್ರಶ್ನೆ ಇಟ್ಟುಕೊಂಡು ನೋಡೋಣ.

ಮೊದಲು ಪ್ರಶ್ನೆಯಿಂದ ಉತ್ತರವನ್ನು ತೆಗೆಯಬೇಕು. "ಕಾಲಮಿತಿ ನಿಲ್ಲುತ್ತದೆ ಎಂದ ತೀರ್ಪು ತೋರಿಸು" ಬದಲು "ಈ ಬಗ್ಗೆ ಕೋರ್ಟುಗಳು ಯಾವ ಯಾವ ನಿಲುವು ತಳೆದಿರಬಹುದು, ನಿಲ್ಲುವುದಿಲ್ಲ ಎನ್ನುವವರ ವಾದವೇನು" ಎಂದು ಕೇಳಬೇಕು. ಇದಕ್ಕೆ ಮಾಡೆಲ್ ಚೆನ್ನಾಗಿ ಉತ್ತರಿಸುತ್ತದೆ, ಏಕೆಂದರೆ ಇದು ಮಾದರಿಯ ವಿಷಯ, ಬಿಡಿ ವಿವರದ್ದಲ್ಲ. ಹುಡುಕಬೇಕಾದ ಪದಗಳು ಇಲ್ಲಿ ಸಿಗುತ್ತವೆ. ತೀರ್ಪುಗಳ ಹೆಸರನ್ನು ಈ ಹಂತದಲ್ಲಿ ಕೇಳಲೇಬಾರದು.

ಎರಡನೆಯದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಉಪಯೋಗದ್ದು: ಮಾಡೆಲ್‌ನ ನೆನಪಿನಿಂದ ಕೇಳುವುದನ್ನು ಬಿಟ್ಟು ಪಠ್ಯವನ್ನು ಕೈಗೆ ಕೊಡಬೇಕು. ಮಾಂಟ್ರಿಯಲ್ ಒಪ್ಪಂದದ 35ನೇ ವಿಧಿ ಎರಡೇ ಚಿಕ್ಕ ಉಪವಿಧಿಗಳದ್ದು. ಎರಡು ವರ್ಷದೊಳಗೆ ದಾವೆ ಹೂಡದಿದ್ದರೆ ಪರಿಹಾರದ ಹಕ್ಕೇ ಹೋಗುತ್ತದೆ ಎನ್ನುತ್ತದೆ ಮೊದಲನೆಯದು. ಆ ಅವಧಿಯನ್ನು ಹೇಗೆ ಎಣಿಸಬೇಕು ಎಂಬುದನ್ನು ವಿಚಾರಣೆ ನಡೆಸುವ ಕೋರ್ಟಿನ ಕಾನೂನು ತೀರ್ಮಾನಿಸುತ್ತದೆ ಎನ್ನುತ್ತದೆ ಎರಡನೆಯದು. ವಾದವೆಲ್ಲ ನಿಂತಿರುವುದು ಈ ಎರಡರ ನಡುವೆ. ಇದನ್ನು ಅಂಟಿಸಿ ಹೀಗೆ ಕೇಳಬಹುದು:

```
ಕೆಳಗಿನ ಪಠ್ಯದಿಂದ ಮಾತ್ರ ಉತ್ತರಿಸು.
ಪ್ರತಿ ಹೇಳಿಕೆಯ ಮುಂದೆ ಆಧಾರವಾದ ವಾಕ್ಯವನ್ನು
ಇದ್ದದ್ದು ಇದ್ದ ಹಾಗೆ ನಕಲಿಸು.
ಪಠ್ಯದಲ್ಲಿ ಇಲ್ಲದಿದ್ದರೆ "ಇದರಲ್ಲಿ ಇಲ್ಲ" ಎಂದಷ್ಟೇ ಬರೆ.
```

ಕೊನೆಯ ಸಾಲು ಸುಮ್ನೆ ಹಾಕಿದ್ದಲ್ಲ. "ಗೊತ್ತಿಲ್ಲ" ಎನ್ನುವುದನ್ನೂ ಒಪ್ಪುವ ಉತ್ತರವನ್ನಾಗಿ ಮಾಡುತ್ತದೆ. ಬರೀ "ಸುಳ್ಳು ಹೇಳಬೇಡ" ಎಂದು ಬರೆಯುವುದರಿಂದ ಅಷ್ಟು ಪ್ರಯೋಜನವಿಲ್ಲ. ಸುಳ್ಳು ಯಾವುದು ಎಂದು ಅದಕ್ಕೆ ಗೊತ್ತಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ನಕಲಿಸಿದ ವಾಕ್ಯ ಕೇಳುವುದರ ಲಾಭ ಬೇರೆ. ಆ ವಾಕ್ಯವನ್ನು ಮೂಲದಲ್ಲಿ ಹುಡುಕಿದರೆ ಕ್ಷಣದಲ್ಲಿ ಇದೆಯೋ ಇಲ್ಲವೋ ತಿಳಿಯುತ್ತದೆ. ಒಂದು ಎಚ್ಚರ: ಪಠ್ಯ ತುಂಬಾ ಉದ್ದವಾದರೆ ನಡುವಿನ ಭಾಗಗಳನ್ನು ಮಾಡೆಲ್ ತಪ್ಪಿಸುವುದುಂಟು. ನೂರು ಪುಟದ ಬದಲು ಬೇಕಾದ ಹತ್ತು ಪುಟ ಕೊಡುವುದು ಮೇಲು.

ಮೂರನೆಯದು ಒಂದು ಅಗ್ಗದ ಪರೀಕ್ಷೆ. ಅನುಮಾನದ ಸಂಗತಿಯನ್ನು ಹೊಸ ಚಾಟ್‌ನಲ್ಲಿ, ಹಳೆಯ ಉತ್ತರದ ವಿವರ ಕೊಡದೆ ಕೇಳುವುದು. "ವರ್ಗೀಸ್ ವರ್ಸಸ್ ಚೈನಾ ಸದರ್ನ್ ಏರ್‌ಲೈನ್ಸ್‌ನಲ್ಲಿ ದಾವೆ ಹೂಡಿದವರು ಯಾರು, ಏನಾಗಿತ್ತು, ಯಾವ ಕೋರ್ಟು?" ಇದೇ ಪ್ರಶ್ನೆಯನ್ನು ಬೇರೆ ಬೇರೆ ಹೊಸ ಚಾಟ್‌ಗಳಲ್ಲಿ ಕೇಳಿ. ನೆನಪಿರುವ ಸಂಗತಿಯಾದರೆ ಮಾತು ಬದಲಾದರೂ ವಿವರ ಬದಲಾಗುವುದಿಲ್ಲ. ಕಟ್ಟಿದ್ದಾದರೆ ಒಮ್ಮೆ ಸಾವು, ಒಮ್ಮೆ ಕಳೆದ ಸಾಮಾನು, ಒಮ್ಮೆ ತಡವಾದ ವಿಮಾನ ಎಂದು ಚದುರುತ್ತದೆ. ಒಳಗೆ ಹಂಚಿಹೋಗಿದ್ದ ಸಂಭವನೀಯತೆ ಹೀಗೆ ಹೊರಗೆ ಕಾಣಿಸಿಕೊಳ್ಳುತ್ತದೆ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಹ್ಯಾಲುಸಿನೇಶನ್ ಪತ್ತೆ ವಿಧಾನವೂ ಇದೇ ತತ್ವದ್ದು: ಹಲವು ಬಾರಿ ಉತ್ತರ ತೆಗೆದು, ಅರ್ಥದಲ್ಲಿ ಎಷ್ಟು ಚದುರಿವೆ ಎಂದು ಅಳೆಯುವುದು.

ಆದರೆ ಇದರ ಮಿತಿ ಮರೆಯಬಾರದು. ಚದುರಿದರೆ ಸುಳ್ಳಿನ ಅನುಮಾನ ಗಟ್ಟಿ. ಚದುರದಿದ್ದರೆ ನಿಜ ಎಂದರ್ಥವಲ್ಲ. ಅಂತರ್ಜಾಲದಲ್ಲಿ ಎಲ್ಲರೂ ಒಂದೇ ತಪ್ಪನ್ನು ಬರೆದಿದ್ದರೆ ಮಾಡೆಲ್ ಅದೇ ತಪ್ಪನ್ನು ಪ್ರತಿಸಲವೂ ಹೇಳುತ್ತದೆ. ಟೋಕನ್ ಆರಿಸುವಾಗ ಎಷ್ಟು ಅತ್ತಿತ್ತ ಹೋಗಬಹುದು ಎಂದು ತೀರ್ಮಾನಿಸುವ ಟೆಂಪರೇಚರ್ ಸೆಟ್ಟಿಂಗ್ ಸೊನ್ನೆ ಮಾಡಿದರೆ ಹ್ಯಾಲುಸಿನೇಶನ್ ನಿಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಅದರಿಂದ ಆಗುವುದು ಇಷ್ಟೇ: ಅದೇ ಸುಳ್ಳು ಹೆಚ್ಚುಕಡಿಮೆ ಅದೇ ರೂಪದಲ್ಲಿ ಮತ್ತೆ ಬರುತ್ತದೆ, ಮತ್ತು ಚದುರುವುದನ್ನು ನೋಡುವ ಅವಕಾಶವೂ ಕೈತಪ್ಪುತ್ತದೆ.

ಕೊನೆಗೆ ಹೊರಗಿನ ತಾಳೆ. ಇದಕ್ಕೆ ಬದಲಿಯಿಲ್ಲ, ಆದರೆ ಜನ ಅಂದುಕೊಂಡಷ್ಟು ಸಮಯವೂ ಬೇಡ. ಇಡೀ ಉತ್ತರವನ್ನು ಪರೀಕ್ಷಿಸಬೇಕಿಲ್ಲ. ಊಹಿಸಲಾಗದ ವಿವರಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ: ಹೆಸರು, ದಿನಾಂಕ, ಪುಟ, ಅಂಕಿ, ಉದ್ಧರಣೆ, ಲಿಂಕ್. ಅವುಗಳಲ್ಲೂ ಮೊದಲು ಸಂಖ್ಯೆಯ ವಿಳಾಸ ಹಿಡಿಯಿರಿ, ಹೆಸರನ್ನಲ್ಲ. ಹೆಸರು ಹುಡುಕಿದರೆ ಅದನ್ನು ಹೋಲುವ ಏನೋ ಸಿಕ್ಕಿ ಸಮಾಧಾನವಾಗಿಬಿಡುತ್ತದೆ, ಝಿಕರ್‌ಮನ್ ಸಿಕ್ಕ ಹಾಗೆ. 925ನೇ ಸಂಪುಟದ 1339ನೇ ಪುಟ ತೆರೆದಿದ್ದರೆ ಬೇರೊಂದು ತೀರ್ಪು ಕಣ್ಣಿಗೆ ಹೊಡೆಯುತ್ತಿತ್ತು. ಸಂಶೋಧನಾ ಲೇಖನಕ್ಕೆ ಡಿಒಐ ಎಂಬ ಗುರುತಿನ ಸಂಖ್ಯೆ, ಪುಸ್ತಕಕ್ಕೆ ಐಎಸ್‌ಬಿಎನ್ ಸಂಖ್ಯೆ, ಸಾಫ್ಟ್‌ವೇರ್ ಲೈಬ್ರರಿಗೆ ಅದರ ಅಧಿಕೃತ ಪಟ್ಟಿಯ ಪುಟ ಇದೇ ಕೆಲಸ ಮಾಡುತ್ತವೆ.

ಈಗಿನ ಸಾಧನಗಳು ವೆಬ್ ಹುಡುಕಿ ಲಿಂಕ್ ಕೊಡುತ್ತವಲ್ಲ, ಇನ್ನೇನು ಚಿಂತೆ ಎನ್ನಬಹುದು. ಪೂರ್ತಿ ಕಲ್ಪಿತ ತೀರ್ಪುಗಳು ಇದರಿಂದ ಬಹಳ ಕಡಿಮೆಯಾಗಿವೆ, ನಿಜ. ಆದರೆ ತಪ್ಪು ಇನ್ನೊಂದು ಜಾಗಕ್ಕೆ ಹೋಗಿದೆ. 2024ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಕಾನೂನಿಗೆಂದೇ ಮಾಡಿದ, ನಿಜವಾದ ಡೇಟಾಬೇಸ್‌ನಲ್ಲಿ ಹುಡುಕಿ ಉತ್ತರಿಸುವ ವಾಣಿಜ್ಯ ಸಾಧನಗಳನ್ನು ಪರೀಕ್ಷಿಸಿದಾಗ 17%ರಿಂದ 33%ರಷ್ಟು ಸಲ ಹ್ಯಾಲುಸಿನೇಶನ್ ಕಂಡರು. ಅವರ ಲೆಕ್ಕದಲ್ಲಿ ತೀರ್ಪು ನಿಜವಿದ್ದು, ಅದು ಹೇಳಿದ್ದು ಮಾತ್ರ ಬೇರೆಯಾದರೂ ಹ್ಯಾಲುಸಿನೇಶನ್ನೇ. ವರ್ಗೀಸ್‌ಗಿಂತ ಈ ಜಾತಿ ಕಷ್ಟದ್ದು. ಲಿಂಕ್ ತೆರೆಯುತ್ತದೆ, ಹೆಸರು ಸರಿಯಿದೆ, ಪುಟ ಸರಿಯಿದೆ. ಆ ಪುಟದ ಸಂಬಂಧಪಟ್ಟ ಪ್ಯಾರಾ ಓದಿದರೆ ಮಾತ್ರ ಅದು ಪಕ್ಷಗಾರರ ವಾದವೋ, ಕೋರ್ಟಿನ ತೀರ್ಮಾನವೋ ತಿಳಿಯುತ್ತದೆ. ಆದ್ದರಿಂದ ಲಿಂಕ್ ಇರುವ ಉತ್ತರದಲ್ಲೂ "ಆಧಾರದ ವಾಕ್ಯವನ್ನು ನಕಲಿಸು" ಎಂಬ ಷರತ್ತು ಬಿಡಬೇಡಿ. ವಾಕ್ಯ ಸಿಕ್ಕಮೇಲೆ ಅದರ ಹಿಂದಿನ ಎರಡು ವಾಕ್ಯ, ಮುಂದಿನ ಎರಡು ವಾಕ್ಯ ನೀವೇ ಓದಿ.